ಅಚ್ಚಿಗೆ ಮೊದಲು ಅಂಚು, ಆಮೇಲೆ ದಪ್ಪ

ಬಡಗುತಿಟ್ಟಿನ ಅಭಿಮನ್ಯು ವೇಷದ ಮೂರ್ತಿಯೊಂದು. ತಲೆಗೆ ಕೇದಗೆ ಮುಂದಲೆ, ಎದೆಗೆ ಎದೆಕಟ್ಟು, ಹೆಗಲಿಗೆ ಭುಜಕೀರ್ತಿ, ಬೆನ್ನ ಹಿಂದೆ ಹಾರುತ್ತಿರುವ ವಲ್ಲಿ, ಎಡಗೈಯಲ್ಲಿ ಬಿಲ್ಲು. ಕುಂದಾಪುರದ ಕಡೆಯ ಗೆಳೆಯರೊಬ್ಬರು ಇದನ್ನು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಕೆತ್ತಿದ್ದರು. 12 ಸೆಂಟಿಮೀಟರ್ ಎತ್ತರಕ್ಕೆ ರೆಸಿನ್ ಪ್ರಿಂಟರಿನಲ್ಲಿ ಅಚ್ಚು ತೆಗೆದಾಗ ವಲ್ಲಿ ಬಂದಿರಲೇ ಇಲ್ಲ. ಎದೆಯ ನಡುವೆ ಮೇಲಿನಿಂದ ಕೆಳಗೆ ಕೂದಲೆಳೆಯಂಥ ಸೀಳು. ಮುಂದಲೆಯ ಒಂದು ಮಟ್ಟದಲ್ಲಿ ತೆಳ್ಳನೆಯ ರೆಸಿನ್ ಪೊರೆ ಹೊರಗೆ ಚಾಚಿಕೊಂಡಿತ್ತು. ಬಿಲ್ಲು ಅರ್ಧಕ್ಕೆ ಮುರಿದಿತ್ತು. "ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಉಂಟಲ್ಲ ಮಾರಾಯ್ರೆ" ಎಂದರು ಅವರು. ಅವರ ಮಾತು ಸುಳ್ಳಲ್ಲ. ಪರದೆಯ ಮೇಲೆ ಮೂರ್ತಿಯಲ್ಲಿ ಒಂದು ಕೊರತೆಯೂ ಕಾಣುತ್ತಿರಲಿಲ್ಲ.

ಈ ನಾಲ್ಕು ದೋಷಗಳಲ್ಲಿ ಮೂರು ಒಂದು ಜಾತಿಯವು, ನಾಲ್ಕನೆಯದು ಇನ್ನೊಂದು ಜಾತಿಯದು. ಮೊದಲ ಮೂರಕ್ಕೆ ಕಾರಣ ನಾನ್-ಮ್ಯಾನಿಫೋಲ್ಡ್ ಅಂಚುಗಳು, ಅಂದರೆ ಜೋಡಣೆ ತಪ್ಪಿದ ಅಂಚುಗಳು. ಕೊನೆಯದಕ್ಕೆ ಕಾರಣ ಸಾಲದ ದಪ್ಪ. ಎರಡನ್ನೂ ಸರಿಪಡಿಸಬಹುದು, ಆದರೆ ಅದಕ್ಕೊಂದು ಕ್ರಮವಿದೆ. ಅಂಚುಗಳನ್ನು ಸರಿಪಡಿಸದೆ ದಪ್ಪಕ್ಕೆ ಕೈ ಹಾಕಿದರೆ ಕೆಲಸ ಎರಡಾಗುತ್ತದೆ. ಆ ಕ್ರಮವನ್ನು ಇದೇ ಅಭಿಮನ್ಯುವಿನ ಮೂಲಕ ನೋಡೋಣ.

ಪ್ರಿಂಟರ್ ಕಾಣುವುದು ಏನನ್ನು?

ಮನೆಗಳಲ್ಲಿ ಬಳಸುವ ರೆಸಿನ್ ಪ್ರಿಂಟರಿನ ಕೆಲಸ ಸರಳ. ತಟ್ಟೆಯಲ್ಲಿ ದ್ರವ ರೆಸಿನ್ ಇರುತ್ತದೆ. ತಟ್ಟೆಯ ತಳ ಪಾರದರ್ಶಕ ಹಾಳೆ, ಅದರ ಕೆಳಗೆ ಎಲ್‌ಸಿಡಿ ಪರದೆ, ಪರದೆಯ ಕೆಳಗೆ 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕು. ಪರದೆಯಲ್ಲಿ ಬಿಳಿ ಇದ್ದ ಕಡೆ ಬೆಳಕು ಮೇಲೆ ಹಾಯ್ದು ರೆಸಿನ್ ಗಟ್ಟಿಯಾಗುತ್ತದೆ, ಕಪ್ಪು ಇದ್ದ ಕಡೆ ದ್ರವವಾಗಿಯೇ ಉಳಿಯುತ್ತದೆ. ಒಂದು ಪದರ ಗಟ್ಟಿಯಾದ ಮೇಲೆ ಪ್ಲೇಟ್ ಮೇಲೇಳುತ್ತದೆ. ಹೊಸ ಪದರ ತಳದ ಹಾಳೆಯಿಂದ ಕಿತ್ತುಕೊಂಡು ಬರುತ್ತದೆ, ಮತ್ತೆ ಮುಂದಿನ ಪದರ. ಪದರದ ದಪ್ಪ ಸಾಮಾನ್ಯವಾಗಿ 0.05 ಮಿಲಿಮೀಟರ್. 12 ಸೆಂಟಿಮೀಟರಿನ ಮೂರ್ತಿಯನ್ನು ನೆಟ್ಟಗೆ ನಿಲ್ಲಿಸಿ ಅಚ್ಚು ಹಾಕಿದರೆ 2400 ಪದರ.

ಅಂದರೆ ಪ್ರಿಂಟರಿಗೆ ಬೇಕಾದದ್ದು 2400 ಕಪ್ಪು-ಬಿಳುಪು ಚಿತ್ರಗಳು. ಅವುಗಳನ್ನು ತಯಾರಿಸುವುದು ಸ್ಲೈಸರ್ ಎಂಬ ತಂತ್ರಾಂಶ. ಮೂರ್ತಿಯನ್ನು ಒಂದೊಂದು ಎತ್ತರದಲ್ಲಿ ಅಡ್ಡಲಾಗಿ ಕೊಯ್ದು, ಅಲ್ಲಿ ಸಿಗುವ ಗೆರೆಗಳನ್ನು ಜೋಡಿಸಿ, ಮುಚ್ಚಿದ ಬಳಸುಗೆರೆಯೊಂದನ್ನು ಮಾಡಿಕೊಂಡು, ಅದರ ಒಳಭಾಗಕ್ಕೆ ಬಿಳಿ ತುಂಬುತ್ತದೆ. ಎಲ್ಲವೂ ನಿಂತಿರುವುದು ಆ 'ಒಳಭಾಗ' ಎಂಬ ತೀರ್ಮಾನದ ಮೇಲೆ. ಗೆರೆ ಎಲ್ಲೋ ಒಂದು ಕಡೆ ಮುಚ್ಚಿಕೊಳ್ಳದಿದ್ದರೆ ಒಳಗೆ ಯಾವುದು, ಹೊರಗೆ ಯಾವುದು ಎಂದು ಸ್ಲೈಸರಿಗೆ ಗೊತ್ತಾಗುವುದಿಲ್ಲ. ಆಗ ಅದು ಊಹಿಸುತ್ತದೆ. ಕೆಲವೊಮ್ಮೆ ಬಿಟ್ಟ ಬಾಯಿಗೆ ನೇರ ಗೆರೆ ಎಳೆದು ಮುಚ್ಚುತ್ತದೆ, ಕೆಲವೊಮ್ಮೆ ಆ ಭಾಗವನ್ನೇ ಕೈಬಿಡುತ್ತದೆ, ಇನ್ನು ಕೆಲವೊಮ್ಮೆ ತಪ್ಪು ಬಿಂದುವಿಗೆ ಸೇರಿಸಿ ಹೊರಗಿನ ಜಾಗಕ್ಕೆ ಬಿಳಿ ತುಂಬುತ್ತದೆ. ಅಭಿಮನ್ಯುವಿನ ಮುಂದಲೆಯಿಂದ ಚಾಚಿದ್ದ ಪೊರೆ ಈ ಕೊನೆಯ ಬಗೆಯ ಊಹೆಯ ಫಲ.

ಕಡತದ ಸ್ವರೂಪವೂ ಈ ತೊಂದರೆಗೆ ನೀರೆರೆಯುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಎಸ್‌ಟಿಎಲ್ ಕಡತ 1987ರ ಸುಮಾರಿಗೆ ಚಕ್ ಹಲ್ ಅವರ 3ಡಿ ಸಿಸ್ಟಮ್ಸ್ ಕಂಪನಿ ತನ್ನ ಸ್ಟೀರಿಯೊಲಿಥೋಗ್ರಫಿ ಯಂತ್ರಕ್ಕಾಗಿ ರೂಪಿಸಿದ್ದು. ಅದರಲ್ಲಿರುವುದು ಬಿಡಿಬಿಡಿ ತ್ರಿಕೋನಗಳ ಪಟ್ಟಿ ಮಾತ್ರ. ಯಾವ ತ್ರಿಕೋನ ಯಾವುದರ ಪಕ್ಕದ್ದು ಎಂಬ ಮಾಹಿತಿ ಅದರಲ್ಲಿಲ್ಲ, ಅಳತೆಯ ಮಾನವೂ ಇಲ್ಲ. ಎರಡು ತ್ರಿಕೋನಗಳ ಮೂಲೆಗಳು ಒಂದೇ ಜಾಗದಲ್ಲಿದ್ದರೆ ಅವು ನೆರೆಯವು ಎಂದು ಸ್ಲೈಸರ್ ಅರ್ಥಮಾಡಿಕೊಳ್ಳುತ್ತದೆ. ಮೂಲೆಗಳು ಕೂದಲೆಳೆಯಷ್ಟು ಸರಿದಿದ್ದರೂ ನಂಟು ಕಡಿದಂತೆಯೇ.

ಒಂದು ಅಂಚು, ಎರಡು ತ್ರಿಕೋನ

ಕಂಪ್ಯೂಟರಿನ ಮೂರ್ತಿಯ ಮೈಯೆಲ್ಲ ಪುಟ್ಟ ತ್ರಿಕೋನಗಳ ಹೆಣಿಗೆ. ಇದನ್ನು ಮೆಶ್ ಎನ್ನುತ್ತಾರೆ. ಈ ಹೆಣಿಗೆ ಘನವಸ್ತುವೊಂದರ ಮೈ ಆಗಬೇಕಾದರೆ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ: ಪ್ರತಿ ಅಂಚನ್ನೂ ಎರಡೇ ಎರಡು ತ್ರಿಕೋನಗಳು ಹಂಚಿಕೊಂಡಿರಬೇಕು. ದಿಂಬಿನ ಚೀಲದ ಹೊಲಿಗೆಯನ್ನು ನೆನೆದುಕೊಳ್ಳಿ. ಪ್ರತಿ ಹೊಲಿಗೆಯೂ ಎರಡು ಬಟ್ಟೆಗಳನ್ನು ಕೂಡಿಸುತ್ತದೆ. ಒಂದೇ ಬಟ್ಟೆಯ ಅಂಚು ಹೊಲಿಯದೆ ಉಳಿದರೆ ಹತ್ತಿ ಹೊರಬರುತ್ತದೆ. ಮೂರನೆಯ ಬಟ್ಟೆಯೊಂದು ಅದೇ ಹೊಲಿಗೆಯಲ್ಲಿ ಒಳಗೆ ಸಿಕ್ಕಿಕೊಂಡರೆ ಚೀಲ ಎರಡು ಕೋಣೆಯಾಗುತ್ತದೆ. ನಿಯಮ ತಪ್ಪಿದ ಅಂಚೇ ನಾನ್-ಮ್ಯಾನಿಫೋಲ್ಡ್.

ಈ ನಿಯಮದಿಂದ ಒಂದು ಸಣ್ಣ ಪರೀಕ್ಷೆಯೂ ಸಿಗುತ್ತದೆ. ಒಂದು ತ್ರಿಕೋನಕ್ಕೆ ಮೂರು ಅಂಚು, ಒಂದು ಅಂಚಿಗೆ ಎರಡು ತ್ರಿಕೋನ. ಹಾಗಾಗಿ ಸರಿಯಾಗಿ ಮುಚ್ಚಿದ ಮೆಶ್‌ನಲ್ಲಿ ತ್ರಿಕೋನಗಳ ಒಟ್ಟು ಸಂಖ್ಯೆ ಯಾವಾಗಲೂ ಸಮ. ಬೆಸ ಬಂದರೆ ಎಲ್ಲೋ ದೋಷವಿದೆ ಎಂಬುದು ಖಚಿತ. ಸಮ ಬಂದ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು.

ಬ್ಲೆಂಡರಿನಲ್ಲಿ ಇಂಥ ಅಂಚುಗಳನ್ನು ಹುಡುಕುವುದು ಸುಲಭ. ಮೂರ್ತಿಯನ್ನು ಆರಿಸಿ Edit Mode ಒಳಗೆ ಹೋಗಿ, ಬಿಂದು ಇಲ್ಲವೇ ಅಂಚು ಆರಿಸುವ ವಿಧಾನದಲ್ಲಿದ್ದುಕೊಂಡು Select > All by Trait > Non Manifold ಒತ್ತಿದರೆ ತಪ್ಪಿದ ಜಾಗಗಳೆಲ್ಲ ಹೊಳೆಯುತ್ತವೆ. ಕೆಳಗಿನ ಮೂಲೆಯಲ್ಲಿ ತೆರೆದುಕೊಳ್ಳುವ ಚಿಕ್ಕ ಪಟ್ಟಿಯಲ್ಲಿ ಬಗೆಗಳನ್ನು ಬೇರೆಬೇರೆಯಾಗಿ ಗುರುತಿಸುವ ಅವಕಾಶವಿದೆ. Wire ಎಂದರೆ ಒಂದು ತ್ರಿಕೋನವೂ ಇಲ್ಲದ ಬರೀ ಗೆರೆ. Boundaries ಎಂದರೆ ಒಂದೇ ತ್ರಿಕೋನವಿರುವ, ತೆರೆದ ಅಂಚು. Multiple Faces ಎಂದರೆ ಮೂರು ಅಥವಾ ಹೆಚ್ಚು ತ್ರಿಕೋನಗಳು ಕೂಡಿದ ಅಂಚು. Non Contiguous ಎಂದರೆ ಅಕ್ಕಪಕ್ಕದ ಎರಡು ತ್ರಿಕೋನಗಳಲ್ಲಿ ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಮುಖ ಮಾಡಿರುವುದು. ಇವುಗಳಲ್ಲಿ ಒಂದನ್ನಷ್ಟೇ ಉಳಿಸಿ ಉಳಿದವನ್ನು ತೆಗೆಯುತ್ತಾ ಹೋದರೆ ಯಾವ ರೋಗ ಎಲ್ಲಿದೆ ಎಂಬುದು ಬಿಡಿಸಿ ಕಾಣುತ್ತದೆ.

ಅಭಿಮನ್ಯುವಿನಲ್ಲಿ ನಾಲ್ಕೂ ಇದ್ದವು. ಬಿಲ್ಲಿನ ಹೆದೆ ಬರೀ ಗೆರೆಯಾಗಿತ್ತು. ವಲ್ಲಿಯ ಸುತ್ತಂಚು ಪೂರ್ತಿ ತೆರೆದಿತ್ತು, ಏಕೆಂದರೆ ಅದು ದಪ್ಪವೇ ಇಲ್ಲದ ಒಂದು ಹಾಳೆ. ಎದೆಕಟ್ಟಿನ ನಡುಗೆರೆಯುದ್ದಕ್ಕೂ ಎರಡು ಸಾಲು ತೆರೆದ ಅಂಚುಗಳಿದ್ದವು. ಮುಂದಲೆ ಹಣೆಗೆ ಕೂಡುವ ಕಡೆ ಒಳಗೊಂದು ಗೋಡೆ ಉಳಿದಿತ್ತು, ಅದರ ಸುತ್ತ ಪ್ರತಿ ಅಂಚಿಗೂ ಮೂರು ತ್ರಿಕೋನಗಳು. ಅದೇ ಜಾಗದಲ್ಲಿ ಕೆಲವು ತ್ರಿಕೋನಗಳು ತಲೆಕೆಳಗಾಗಿದ್ದವು.

ಕಾರಣ ತಿಳಿದು ಕೈ ಹಾಕುವುದು

ಒಂದೇ ಗುಂಡಿ ಒತ್ತಿ ಎಲ್ಲವನ್ನೂ ರಿಪೇರಿ ಮಾಡುವ ಸೌಲಭ್ಯ ಬ್ಲೆಂಡರಿನ 3D Print Toolbox ಎಂಬ ಜೋಡಣೆಯಲ್ಲೂ ಹಲವು ಸ್ಲೈಸರ್‌ಗಳಲ್ಲೂ ಇದೆ. ಸಣ್ಣಪುಟ್ಟ ತೂತುಗಳಿಗೆ ಅದು ಸಾಕು. ಆದರೆ ಅದಕ್ಕೆ ವಲ್ಲಿ ಯಾವುದು, ತೂತು ಯಾವುದು ಎಂಬ ಭೇದ ತಿಳಿಯದು. ವಲ್ಲಿಯ ಸುತ್ತಂಚನ್ನು ದೊಡ್ಡ ತೂತು ಎಂದೆಣಿಸಿ ಅಡ್ಡಲಾಗಿ ಮುಚ್ಚಿಬಿಡಬಹುದು, ಇಲ್ಲವೇ ವಲ್ಲಿಯನ್ನೇ ಕಿತ್ತುಹಾಕಬಹುದು. ಆದ್ದರಿಂದ ದೋಷ ಹೇಗೆ ಹುಟ್ಟಿತು ಎಂದು ತಿಳಿದು ಒಂದೊಂದಾಗಿ ಬಿಡಿಸುವುದೇ ಒಳ್ಳೆಯದು.

ಎದೆಕಟ್ಟಿನ ಸೀಳು ಹುಟ್ಟಿದ್ದು ಕನ್ನಡಿ ವಿಧಾನದಿಂದ. ಬಲಭಾಗವನ್ನಷ್ಟೇ ಕೆತ್ತಿ, Mirror ಮೂಲಕ ಎಡಭಾಗ ಪಡೆಯುವುದು ಎಲ್ಲರ ರೂಢಿ. ಕೆತ್ತುವಾಗ ನಡುಗೆರೆಯ ಬಿಂದುಗಳು ತುಸು ಸರಿದರೆ ಎರಡು ಅರ್ಧಗಳು ಒಂದನ್ನೊಂದು ಮುಟ್ಟುವುದಿಲ್ಲ. ಕಣ್ಣಿಗೆ ಕಾಣದ ಈ ಅಂತರವೇ ಅಚ್ಚಿನಲ್ಲಿ ಸೀಳಾಯಿತು. ನಡುಗೆರೆಯ ಎರಡೂ ಸಾಲಿನ ಬಿಂದುಗಳನ್ನು ಆರಿಸಿ S, X, 0 ಒತ್ತಿದರೆ ಅವೆಲ್ಲ ಒಂದೇ ಸಮತಲಕ್ಕೆ ಬರುತ್ತವೆ. ಬಳಿಕ Merge by Distance ಕೊಟ್ಟರೆ ಒಂದರ ಮೇಲೊಂದು ಕೂತ ಜೋಡಿ ಬಿಂದುಗಳು ಒಂದಾಗುತ್ತವೆ. ಇಲ್ಲಿ ದೂರದ ಮಿತಿಯನ್ನು ಚಿಕ್ಕದಾಗಿಡಬೇಕು. ಈ ಮೂರ್ತಿಗೆ 0.01 ಮಿ.ಮೀ. ಸಾಕಾಯಿತು. ಅರ್ಧ ಮಿಲಿಮೀಟರ್ ಕೊಟ್ಟಿದ್ದರೆ ಕಣ್ಣಿನ ರೆಪ್ಪೆಗಳೂ ತುಟಿಗಳೂ ಅಂಟಿಕೊಳ್ಳುತ್ತಿದ್ದವು.

ಇದೇ Merge by Distance ಇನ್ನೊಂದು ಸಾಮಾನ್ಯ ತಪ್ಪನ್ನೂ ತೊಳೆಯುತ್ತದೆ. E ಒತ್ತಿ ಮೈಯ ಒಂದು ಭಾಗವನ್ನು ಎಳೆಯಲು ಹೊರಟು, ಬೇಡವೆನಿಸಿ ಮೌಸಿನ ಬಲಗುಂಡಿ ಒತ್ತಿ ಬಿಟ್ಟುಬಿಡುತ್ತೇವೆ. ರದ್ದಾಗುವುದು ಎಳೆತ ಮಾತ್ರ. ಹುಟ್ಟಿದ ಹೊಸ ಬಿಂದುಗಳು ಹಳೆಯವುಗಳ ಮೇಲೆಯೇ ಕೂತಿರುತ್ತವೆ. ಕೆತ್ತುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಮುಂದಲೆಯ ಒಳಗೋಡೆಗೆ ಬೇರೆ ಮದ್ದು. ಮುಂದಲೆಯನ್ನು ಬೇರೆಯಾಗಿ ಕೆತ್ತಿ, ತಲೆಗೆ ಹೊಂದಿಸಿ, ಬಿಂದುಗಳನ್ನು ಬೆಸೆದಾಗ ಅದರ ತಳ ಒಳಗೇ ಉಳಿದುಬಿಟ್ಟಿತ್ತು. Select > All by Trait > Interior Faces ಇಂಥವನ್ನು ಹಿಡಿದುಕೊಡುತ್ತದೆ. ಆದರೆ ಎಲ್ಲ ಅಂಚುಗಳಲ್ಲೂ ಎರಡಕ್ಕಿಂತ ಹೆಚ್ಚು ತ್ರಿಕೋನಗಳಿದ್ದ ಮುಖಗಳನ್ನು ಮಾತ್ರ ಅದು ಆರಿಸುವುದರಿಂದ, ದೊಡ್ಡ ಒಳಗೋಡೆಯಾದರೆ ಮೂರ್ತಿಯ ಒಳಗೆ ನೋಟ ಹೊಗಿಸಿ ಕೈಯಿಂದಲೇ ಆರಿಸಬೇಕಾಗುತ್ತದೆ. ಆರಿಸಿದ್ದನ್ನು ಅಳಿಸಿದ ಮೇಲೆ ಮುಂದಲೆಯೂ ತಲೆಯೂ ಒಂದೇ ಮೈ.

ಒಳಗೋಡೆ ಕಾಣದ ಜಾಗದಲ್ಲಿದೆ, ಬಿಟ್ಟರೇನಂತೆ ಎನ್ನಿಸಬಹುದು. ಹಾಗೆ ಬಿಡಬಾರದು. ಒಳಗೆ ಮುಚ್ಚಿದ ಪೊಳ್ಳು ಉಂಟಾದರೆ ಅಚ್ಚಿನ ವೇಳೆ ಅದರಲ್ಲಿ ದ್ರವ ರೆಸಿನ್ ಸಿಕ್ಕಿಕೊಳ್ಳುತ್ತದೆ. ತೊಳೆಯುವಾಗ ಅದು ಹೊರಬರದು, ಬೆಳಕಿಗೆ ಇಟ್ಟಾಗ ಪೂರ್ತಿ ಗಟ್ಟಿಯಾಗದು. ಎಷ್ಟೋ ದಿನಗಳ ಬಳಿಕ ಮೂರ್ತಿ ತಾನಾಗಿಯೇ ಬಿರುಕು ಬಿಟ್ಟು ಜಿಗುಟು ರೆಸಿನ್ ಒಸರಲು ಇದೊಂದು ಪ್ರಮುಖ ಕಾರಣ. ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲವಾದ್ದರಿಂದ ಅದು ಬರೀ ಅಂದದ ಪ್ರಶ್ನೆಯೂ ಅಲ್ಲ.

ಇನ್ನು ನಿಜವಾದ ತೂತುಗಳು. ಪಾದ ಪೀಠಕ್ಕೆ ಕೂಡುವ ಕಡೆ ಇದ್ದ ಚಪ್ಪಟೆ ತೂತನ್ನು ಅದರ ಸುತ್ತಂಚು ಆರಿಸಿ F ಒತ್ತಿ ಮುಚ್ಚಿದರೆ ಮುಗಿಯಿತು. ಆದರೆ ಹಿಂಗುತ್ತಿಗೆಯ ಬಳಿ ಬಾಗಿದ ಮೈಯಲ್ಲಿ ಇದ್ದ ತೂತನ್ನು ಹಾಗೆ ಮುಚ್ಚಿದರೆ ಅಲ್ಲಿ ಚಪ್ಪಟೆ ತೇಪೆ ಬೀಳುತ್ತದೆ. ಅಲ್ಲಿ Grid Fill ಬಳಸಿದರೆ ತೇಪೆಯೂ ಸುತ್ತಲಿನ ಬಾಗನ್ನೇ ಹಿಡಿಯುತ್ತದೆ. ಆಮೇಲೆ ಕೆತ್ತನೆಯ ಬ್ರಶ್ಶಿನಿಂದ ತುಸು ನಯ ಮಾಡಿದರೆ ಗುರುತು ಉಳಿಯದು.

ತಲೆಕೆಳಗಾದ ತ್ರಿಕೋನಗಳ ಸರದಿ ಕೊನೆಗೆ. ಎಲ್ಲವನ್ನೂ ಆರಿಸಿ Shift+N ಒತ್ತಿದರೆ ಬ್ಲೆಂಡರ್ ಹೊರಮುಖಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಮೂರು ತ್ರಿಕೋನ ಕೂಡಿದ ಅಂಚುಗಳು ಉಳಿದಿದ್ದರೆ ಹೊರಗು ಯಾವ ಕಡೆ ಎಂಬುದಕ್ಕೆ ಉತ್ತರವೇ ಇರುವುದಿಲ್ಲ, ಲೆಕ್ಕ ಹಾದಿ ತಪ್ಪುತ್ತದೆ. ಆದ್ದರಿಂದಲೇ ಮೊದಲು ಬೆಸುಗೆ, ಬಳಿಕ ಒಳಗೋಡೆ, ಬಳಿಕ ತೂತು, ಕೊನೆಗೆ ಮುಖ. Face Orientation ನೋಟ ತೆರೆದರೆ ಹೊರಮುಖ ನೀಲಿ, ಒಳಮುಖ ಕೆಂಪು. ಮೂರ್ತಿ ಪೂರ್ತಿ ನೀಲಿಯಾಗಿ ಕಂಡರೆ ಈ ಹಂತ ಮುಗಿದಂತೆ. ವಲ್ಲಿಯೊಂದು ಮಾತ್ರ ಇನ್ನೂ ಹಾಳೆಯಾಗಿಯೇ ಉಳಿದಿತ್ತು, ಅದು ದಪ್ಪದ ಪ್ರಶ್ನೆ.

ಕುಗ್ಗಿಸಿದಾಗ ಬಟ್ಟೆಯೂ ಕುಗ್ಗುತ್ತದೆ

ಮುಂದಲೆಯೂ ಸೇರಿ 180 ಸೆಂಟಿಮೀಟರ್ ಎತ್ತರದ ವೇಷಧಾರಿಯನ್ನು 12 ಸೆಂಟಿಮೀಟರಿಗೆ ಇಳಿಸಿದರೆ ಪ್ರಮಾಣ ಹದಿನೈದರಲ್ಲಿ ಒಂದು. ಮೈಕಟ್ಟು, ಭಂಗಿ, ಮುಖ ಎಲ್ಲವೂ ಚೆನ್ನಾಗಿಯೇ ಕುಗ್ಗುತ್ತವೆ. ಆದರೆ ಅರ್ಧ ಮಿಲಿಮೀಟರ್ ದಪ್ಪದ ಬಟ್ಟೆ 0.03 ಮಿ.ಮೀ. ಆಗುತ್ತದೆ. ಮೂರು ಮಿಲಿಮೀಟರಿನ ಹೆದೆ 0.2 ಮಿ.ಮೀ. ಆಗುತ್ತದೆ. ನಿಜದ ಪ್ರಮಾಣಕ್ಕೆ ನಿಷ್ಠರಾಗಿದ್ದು ಬಟ್ಟೆಯನ್ನು ಅಚ್ಚು ಹಾಕುವುದು ಸಾಧ್ಯವೇ ಇಲ್ಲ. ಪುಟ್ಟ ಮೂರ್ತಿಗಳಲ್ಲಿ ಬಟ್ಟೆ, ಕತ್ತಿ, ಬಿಲ್ಲು ಯಾವಾಗಲೂ ಪ್ರಮಾಣಕ್ಕಿಂತ ದಪ್ಪವಾಗಿರಲೇಬೇಕು.

ತೆಳು ಗೋಡೆ ಸೋಲುವುದಕ್ಕೆ ಪರದೆಯ ಸೂಕ್ಷ್ಮತೆ ಮಾತ್ರ ಕಾರಣವಲ್ಲ. ಪರದೆಯ ಒಂದು ಚುಕ್ಕೆ 0.05 ಮಿ.ಮೀ. ಇರುವ ಪ್ರಿಂಟರಿನಲ್ಲಿ 0.2 ಮಿ.ಮೀ. ಗೋಡೆಗೆ ನಾಲ್ಕು ಚುಕ್ಕೆ ಸಿಗುತ್ತದೆ, ಪದರದ ಚಿತ್ರದಲ್ಲಿ ಗೋಡೆ ಸ್ಪಷ್ಟವಾಗಿಯೇ ಕಾಣುತ್ತದೆ. ಅದು ಸೋಲುವುದು ಆಮೇಲೆ. ಪ್ರತಿ ಪದರದಲ್ಲೂ ತಳದ ಹಾಳೆಯಿಂದ ಕಿತ್ತು ಮೇಲೇಳುವಾಗ ಅರೆಗಟ್ಟಿಯಾದ ಗೋಡೆ ಬಳುಕುತ್ತದೆ. ಬಳುಕಿದ ಗೋಡೆ ಮುಂದಿನ ಪದರಕ್ಕೆ ತನ್ನ ಜಾಗಕ್ಕೆ ಮರಳದಿದ್ದರೆ ಮೈ ಅಲೆಅಲೆಯಾಗುತ್ತದೆ, ಇಲ್ಲವೇ ಹರಿಯುತ್ತದೆ. ಹರಿದ ಚೂರು ತಟ್ಟೆಯ ತಳಕ್ಕೆ ಅಂಟಿ ಮುಂದಿನ ಪದರಗಳನ್ನೂ ಕೆಡಿಸುತ್ತದೆ. ಇದನ್ನು ದಾಟಿ ಬಂದ ಗೋಡೆಗೆ ಸಪೋರ್ಟ್ ಕೀಳುವಾಗಿನ ಎಳೆತ ಕಾದಿರುತ್ತದೆ. ಕೊನೆಯ ಬೆಳಕಿನ ಹದದಲ್ಲಿ ರೆಸಿನ್ ಕುಗ್ಗಿ ಸುರುಟಿಕೊಳ್ಳುವ ಭಯವೂ ಇದೆ.

ಇಲ್ಲಿ ಸಮಾಧಾನದ ಸಂಗತಿಯೊಂದಿದೆ. ಹಾಳೆಯೊಂದರ ಬಾಗದಿರುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.4 ಮಿ.ಮೀ. ಗೋಡೆಯನ್ನು 0.8 ಮಾಡಿದರೆ ಗಟ್ಟಿತನ ಇಮ್ಮಡಿಯಲ್ಲ, ಎಂಟು ಪಟ್ಟು. ಕಣ್ಣಿಗೆ ಅಷ್ಟಾಗಿ ಕಾಣದ ಚಿಕ್ಕ ಹೆಚ್ಚಳ ಅಚ್ಚಿನಲ್ಲಿ ದೊಡ್ಡ ವ್ಯತ್ಯಾಸ ತರುತ್ತದೆ.

ಹಾಗಾದರೆ ಎಷ್ಟು ದಪ್ಪ ಬೇಕು? ಎದೆಕಟ್ಟಿನ ಮೇಲಿನ ಹರಳು, ಕಾಲಿನ ಗೆಜ್ಜೆಯಂಥ ಮೈಗೆ ಅಂಟಿದ ಅಲಂಕಾರಗಳಿಗೆ ಗೋಡೆಯ ಲೆಕ್ಕವೇ ಇಲ್ಲ. ಹಿಂದೆ ಆಸರೆ ಇರುವುದರಿಂದ 0.2 ಮಿ.ಮೀ. ಉಬ್ಬಿದ್ದರೂ ಮೂಡುತ್ತವೆ. ಎರಡು ಕಡೆ ಮೈಗೆ ಕೂಡಿದ ಗೋಡೆಗೆ 0.6 ಮಿ.ಮೀ. ಸಾಕು. ಒಂದೇ ಕಡೆ ಹಿಡಿತವಿದ್ದು ಗಾಳಿಯಲ್ಲಿ ಚಾಚಿದ ವಲ್ಲಿಗೆ, ಭುಜಕೀರ್ತಿಯ ತುದಿಗೆ 1 ಮಿ.ಮೀ. ಆಸುಪಾಸು ಬೇಕು. ಬಿಲ್ಲಿನಂಥ ಕಡ್ಡಿಗೆ ಅಡ್ಡಗಲ 1.2ರಿಂದ 1.5 ಮಿ.ಮೀ. ಇವು ಸಾಧಾರಣ ರೆಸಿನ್‌ಗೆ ಹೊಂದುವ ಅಂದಾಜು. ಬಳುಕುವ ಗುಣದ ರೆಸಿನ್ ಇನ್ನೂ ತೆಳುವನ್ನು ತಾಳಿಕೊಳ್ಳುತ್ತದೆ, ಪೆಡಸು ರೆಸಿನ್ ಇದಕ್ಕಿಂತ ಹೆಚ್ಚು ಕೇಳುತ್ತದೆ. 0.3 ಮಿ.ಮೀ.ನಿಂದ ಒಂದು ಮಿಲಿಮೀಟರಿನವರೆಗೆ ಹತ್ತಿಪ್ಪತ್ತು ಮಿಲಿಮೀಟರ್ ಎತ್ತರದ ಗೋಡೆಗಳ ಸಾಲೊಂದನ್ನು ನಿಮ್ಮ ಯಂತ್ರದಲ್ಲಿ, ನಿಮ್ಮ ರೆಸಿನ್‌ನಲ್ಲಿ ಅಚ್ಚು ಹಾಕಿ ನೋಡಿದರೆ ನಿಮ್ಮದೇ ಮಿತಿ ಸಿಗುತ್ತದೆ.

ವಲ್ಲಿಗೆ ದಪ್ಪ ಕೊಟ್ಟ ಬಗೆ

ಹಾಳೆಗೆ ದಪ್ಪ ಕೊಡಲು ಬ್ಲೆಂಡರಿನಲ್ಲಿ Solidify ಇದೆ. ಅದನ್ನು ಬಳಸುವ ಮುನ್ನ ಮಾಡಲೇಬೇಕಾದ ಕೆಲಸ Ctrl+A ಒತ್ತಿ Scale ಆರಿಸುವುದು. ಮೂರ್ತಿಯನ್ನು ದೊಡ್ಡದಾಗಿ ಕೆತ್ತಿ ಆಮೇಲೆ ಹದಿನೈದನೇ ಒಂದಕ್ಕೆ ಇಳಿಸಿ, ಆ ಇಳಿಕೆಯನ್ನು ಹೀಗೆ ಖಾಯಂ ಮಾಡದೆ ಬಿಟ್ಟರೆ ನೀವು ಕೊಟ್ಟ 1 ಮಿ.ಮೀ. ದಪ್ಪವೂ ಹದಿನೈದನೇ ಒಂದಾಗಿ 0.07 ಮಿ.ಮೀ. ಆಗುತ್ತದೆ. ಪೆಟ್ಟಿಗೆಯಲ್ಲಿ ಮಾತ್ರ 1 ಎಂದೇ ತೋರುತ್ತಿರುತ್ತದೆ. ತೆಳು ಗೋಡೆಯ ದೂರುಗಳಿಗೆ ಎಷ್ಟೋ ಸಲ ಇದೇ ಮೂಲ.

ವಲ್ಲಿಗೆ 1 ಮಿ.ಮೀ. ದಪ್ಪ ಕೊಟ್ಟು, ಎಲ್ಲೆಡೆ ಸಮನಾಗಿರಲೆಂದು Even Thickness, ಸುತ್ತಂಚು ಮುಚ್ಚಲೆಂದು Fill Rim ಆರಿಸಿದ್ದಾಯಿತು. ತೆರೆದಿದ್ದ ಅಂಚುಗಳೆಲ್ಲ ಮಾಯವಾದವು. ಆದರೆ ಹೊಸದೊಂದು ತೊಡಕು ಹುಟ್ಟಿತು. ವಲ್ಲಿಯ ನೆರಿಗೆಗಳ ಒಳಬಾಗು ಬಹಳ ಕಿರಿದು. ಅರ್ಧ ಮಿಲಿಮೀಟರ್ ಬಾಗಿನ ಒಳಕ್ಕೆ ಒಂದು ಮಿಲಿಮೀಟರ್ ದಪ್ಪ ತುಂಬಿದರೆ ಎರಡೂ ಕಡೆಯ ಮೈಗಳು ಒಂದರೊಳಗೊಂದು ನುಗ್ಗುತ್ತವೆ. ಇದು ತೆರೆದ ಅಂಚಲ್ಲ, ಆದ್ದರಿಂದ Non Manifold ಹುಡುಕಾಟದಲ್ಲಿ ಸಿಗುವುದಿಲ್ಲ. 3D Print Toolbox ಒಳಗಿನ Intersections ಪರೀಕ್ಷೆ ಮಾತ್ರ ಇದನ್ನು ತೋರಿಸುತ್ತದೆ.

ಇದಕ್ಕೆ ಕಂಡುಕೊಂಡ ದಾರಿ ದಪ್ಪವನ್ನು ಕಾಣದ ಬದಿಗೆ ದೂಡುವುದು. Offset ಬದಲಿಸಿ, ಎದುರಿನ ನೆರಿಗೆಗಳು ಇದ್ದಂತೆಯೇ ಉಳಿದು ಹಿಂಬದಿ ಮಾತ್ರ ದಪ್ಪವಾಗುವಂತೆ ಮಾಡಲಾಯಿತು. ಹಿಂಬದಿಯಲ್ಲಿ ನುಗ್ಗಾಟವಿದ್ದ ಕಿರು ಕಂದಕಗಳನ್ನು ನಯಮಾಡುವ ಬ್ರಶ್ಶಿನಿಂದ ತುಂಬಿ ಸಪಾಟು ಮಾಡಿದ್ದಾಯಿತು. ಎದುರಿನಿಂದ ನೋಡಿದವರಿಗೆ ನೆರಿಗೆ ನೆರಿಗೆಯಾಗಿಯೇ ಕಾಣುತ್ತದೆ.

ಆದರೂ ಸುತ್ತಂಚು ಒಂದು ಮಿಲಿಮೀಟರ್ ಇದ್ದಾಗ ವಲ್ಲಿ ಬಟ್ಟೆಯಂತಿರದೆ ಹಲಗೆಯಂತೆ ಕಂಡಿತು. ಬಟ್ಟೆ ತೆಳ್ಳಗಿದೆಯೋ ದಪ್ಪವೋ ಎಂದು ನಮ್ಮ ಕಣ್ಣು ತೀರ್ಮಾನಿಸುವುದು ಅಂಚನ್ನು ನೋಡಿ. ಹಾಗಾಗಿ ಅಂಚಿನ ಕೊನೆಯ ಒಂದೂವರೆ ಮಿಲಿಮೀಟರಿನಷ್ಟು ಪಟ್ಟಿಯನ್ನು ಮಾತ್ರ 0.5 ಮಿ.ಮೀ.ಗೆ ಇಳಿಜಾರಾಗಿ ತೆಳುಗೊಳಿಸಿ, ಹೆಗಲಿಗೆ ಕೂಡುವ ಬುಡವನ್ನು Inflate ಬ್ರಶ್ಶಿನಿಂದ 1.4 ಮಿ.ಮೀ.ಗೆ ಏರಿಸಲಾಯಿತು. ಅಂಚು ತೆಳು, ಒಡಲು ದಪ್ಪ, ಬುಡ ಇನ್ನೂ ದಪ್ಪ. ತೆಳು ಪಟ್ಟಿಯ ಅಗಲ ಕಿರಿದಾಗಿದ್ದು ಹಿಂದೆಯೇ ದಪ್ಪದ ಆಸರೆ ಇರುವುದರಿಂದ ಅದು ಬಳುಕುವುದಿಲ್ಲ.

ದಪ್ಪವನ್ನು ಅಳೆಯಲು ಅದೇ ಟೂಲ್‌ಬಾಕ್ಸಿನಲ್ಲಿ Thickness ಪರೀಕ್ಷೆಯಿದೆ. ಪ್ರತಿ ಮುಖದಿಂದ ಒಳಮುಖವಾಗಿ ಕಿರಣ ಹಾಯಿಸಿ, ನಾವು ಕೊಟ್ಟ ಮಿತಿಯೊಳಗೆ ಎದುರು ಗೋಡೆ ತಗುಲಿದರೆ ಆ ಜಾಗ ತೆಳು ಎಂದು ಗುರುತಿಸುತ್ತದೆ. ಮುಖಗಳು ತಲೆಕೆಳಗಾಗಿದ್ದರೆ ಕಿರಣ ಹೊರಗೆ ಹೋಗುತ್ತದೆ, ಮೈ ತೆರೆದಿದ್ದರೆ ಎದುರು ಗೋಡೆಯೇ ಇರುವುದಿಲ್ಲ. ಎರಡೂ ಸಂದರ್ಭದಲ್ಲಿ ತೆಳುವಾದದ್ದೂ ಸರಿಯಿದೆ ಎಂದೇ ಉತ್ತರ ಬರುತ್ತದೆ. ಅಂಚು ಮೊದಲು, ದಪ್ಪ ಆಮೇಲೆ ಎಂದದ್ದು ಇದಕ್ಕೇ. ಚೂಪು ಮೂಲೆಗಳನ್ನು ಈ ಪರೀಕ್ಷೆ ಸದಾ ತೆಳು ಎಂದೇ ತೋರಿಸುತ್ತದೆ. ಮೂಗಿನ ತುದಿ, ಮುಂದಲೆಯ ತುದಿ ಹೊಳೆದರೆ ಗಾಬರಿ ಬೇಡ. ಅಗಲವಾದ ಹರವು ಹೊಳೆದರೆ ಮಾತ್ರ ಕೆಲಸ ಬಾಕಿ ಇದೆ ಎಂದರ್ಥ.

ಒಂದೇ ಮೈ ಮಾಡುವುದು

ಈಗ ದೇಹ, ವಲ್ಲಿ, ಭುಜಕೀರ್ತಿ, ಬಿಲ್ಲು ಪ್ರತಿಯೊಂದೂ ತನ್ನಷ್ಟಕ್ಕೆ ಮುಚ್ಚಿದ ಮೈ. ಅವು ಒಂದರೊಳಗೊಂದು ತುಸು ಹೊಕ್ಕು ನಿಂತಿವೆ. Ctrl+J ಒತ್ತಿ ಸೇರಿಸಿದರೆ ಅವು ಒಂದೇ ಹೆಸರಿನಡಿ ಬರುತ್ತವೆಯೇ ಹೊರತು ಒಂದೇ ಮೈ ಆಗುವುದಿಲ್ಲ, ಒಳಗೆ ಹೊಕ್ಕ ಭಾಗ ಒಳಗೇ ಇರುತ್ತದೆ. ಇಡಿಯಾಗಿ ತುಂಬಿದ ಮೂರ್ತಿಯಾದರೆ ಬಹುತೇಕ ಸ್ಲೈಸರ್‌ಗಳು ಇದನ್ನು ನಿಭಾಯಿಸುತ್ತವೆ. ಒಳಗೆ ಪೊಳ್ಳು ಮಾಡಬೇಕಾದರೆ ಮಾತ್ರ ಎಲ್ಲವನ್ನೂ ಬೆಸೆಯಲೇಬೇಕು, ಇಲ್ಲವಾದರೆ ಪೊಳ್ಳಿನೊಳಗೆ ಹೆಗಲಿನ, ತೋಳಿನ ತುಂಡು ಗೋಡೆಗಳು ಉಳಿದುಬಿಡುತ್ತವೆ.

ಬೆಸೆಯಲು ಎರಡು ದಾರಿ. Boolean ಒಳಗಿನ Union ವಿವರಗಳನ್ನು ಹಾಗೆಯೇ ಉಳಿಸುತ್ತದೆ, ಆದರೆ ಪ್ರತಿ ಭಾಗವೂ ದೋಷವಿಲ್ಲದ ಮುಚ್ಚಿದ ಮೈ ಆಗಿರಬೇಕು. Remesh ಒಳಗಿನ Voxel ವಿಧಾನ ಇಡೀ ಮೂರ್ತಿಯನ್ನು ಪುಟ್ಟ ಘನಗಳಾಗಿ ಎಣಿಸಿ ಮೇಲ್ಮೈಯನ್ನು ಹೊಸದಾಗಿ ಹೆಣೆಯುತ್ತದೆ. ಅದು ಗಟ್ಟಿಗ ವಿಧಾನ, ಆದರೆ ಘನದ ಅಳತೆಗಿಂತ ಚಿಕ್ಕದಾದ ವಿವರ ಅಳಿಸಿಹೋಗುತ್ತದೆ. ಅದರಷ್ಟೇ ತೆಳ್ಳಗಿರುವ ಗೋಡೆ ಜರಡಿಯಾಗುತ್ತದೆ. ಅಳತೆಯನ್ನು 0.1 ಮಿ.ಮೀ. ಇಟ್ಟರೆ ಮುಖದ ಬಣ್ಣಗಾರಿಕೆಯ ಗೆರೆಗಳೂ ಉಳಿಯುತ್ತವೆ. ಅದಕ್ಕೆ ತೆರಬೇಕಾದ ಬೆಲೆ ಕಡತದ ಗಾತ್ರ. ಮೂರ್ತಿಯ ಮೇಲ್ಮೈ 300 ಚದರ ಸೆಂಟಿಮೀಟರ್ ಎಂದುಕೊಂಡರೆ ಸುಮಾರು 60 ಲಕ್ಷ ತ್ರಿಕೋನ. ಎಸ್‌ಟಿಎಲ್‌ನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್, ಒಟ್ಟು 300 ಎಂಬಿ. Decimate ಬಳಸಿ ಅದನ್ನು ಮೂರನೇ ಒಂದಕ್ಕೆ ಇಳಿಸಬಹುದು. ಇಳಿಸಿದ ಮೇಲೆ ಅಂಚುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಅಭಿಮನ್ಯುವಿಗೆ Union ಸಾಕಾಯಿತು. ಪೊಳ್ಳು ಮಾಡುವಾಗ ಗೋಡೆ 2 ಮಿ.ಮೀ. ಇಟ್ಟು, ಪೀಠದ ತಳದಲ್ಲಿ 3 ಮಿ.ಮೀ. ಅಗಲದ ಎರಡು ತೂತು ಬಿಡಲಾಯಿತು. ಒಂದರಿಂದ ರೆಸಿನ್ ಇಳಿಯಬೇಕು, ಇನ್ನೊಂದರಿಂದ ಗಾಳಿ ಹೋಗಬೇಕು.

ಕೊನೆಯ ಪರೀಕ್ಷೆ ಪದರದಲ್ಲಿ

ಸ್ಲೈಸರಿನಲ್ಲಿ ತೆರೆದ ಕೂಡಲೇ ನೋಡಬೇಕಾದದ್ದು ಎತ್ತರ 120 ಮಿ.ಮೀ. ಇದೆಯೇ ಎಂಬುದು. ಮೂರ್ತಿಯನ್ನು ಓರೆಯಾಗಿಸುವುದು ಅದಾದ ಮೇಲೆ. ವಲ್ಲಿಯಂಥ ಅಗಲ ಹಾಳೆ ಪ್ಲೇಟಿಗೆ ಸಮಾನಾಂತರವಾಗಿ ಮಲಗದಂತೆ ತಿರುಗಿಸಿದರೆ ಒಂದೇ ಪದರದಲ್ಲಿ ಅಗಲ ಹರವು ಬಂದು ಕಿತ್ತುಕೊಳ್ಳುವ ಎಳೆತ ಹೆಚ್ಚುವುದು ತಪ್ಪುತ್ತದೆ. ಆಮೇಲೆ ಪದರಗಳ ಚಿತ್ರವನ್ನು ತಳದಿಂದ ತುದಿಯವರೆಗೆ ನಿಧಾನವಾಗಿ ಎಳೆದು ನೋಡಬೇಕು. ಒಂದೆರಡು ಪದರಗಳಲ್ಲಿ ಮಾತ್ರ ತಟ್ಟನೆ ಮೂಡಿ ಮಾಯವಾಗುವ ಬಿಳಿ ಪಟ್ಟಿ, ಇದ್ದಕ್ಕಿದ್ದಂತೆ ಖಾಲಿಯಾಗುವ ತೋಳು, ಕೆಳಗೆ ಆಸರೆಯೇ ಇಲ್ಲದೆ ಹುಟ್ಟುವ ಬಿಳಿ ದ್ವೀಪ ಕಂಡರೆ ಅಲ್ಲೇ ನಿಲ್ಲಿಸಬೇಕು.

ಅಚ್ಚು ಕೆಟ್ಟಾಗ ಕಾರಣ ಹುಡುಕಲು ಇದೇ ಚಿತ್ರ ದಾರಿದೀಪ. ಅಚ್ಚಿನಲ್ಲಿ ಕಂಡ ದೋಷ ಅದೇ ಎತ್ತರದ ಪದರದ ಚಿತ್ರದಲ್ಲೂ ಕಂಡರೆ ತಪ್ಪು ಮೆಶ್‌ನದ್ದು. ಎಷ್ಟು ಹೊತ್ತು ಬೆಳಕು ಕೊಟ್ಟರೂ ಅದು ಹೋಗದು. ಪದರದ ಚಿತ್ರ ನಿರ್ಮಲವಾಗಿದ್ದು ಅಚ್ಚು ಮಾತ್ರ ಕೆಟ್ಟಿದ್ದರೆ ತಪ್ಪು ದಪ್ಪದ್ದು, ಸಪೋರ್ಟಿನದು ಇಲ್ಲವೇ ಬೆಳಕಿನ ಅವಧಿಯದು. ಆಗ ಮೆಶ್ ತಿದ್ದುತ್ತ ಕೂತರೆ ವ್ಯರ್ಥ. ಅಭಿಮನ್ಯುವಿನ ಮೊದಲ ಅಚ್ಚಿನ ಸೀಳು, ಪೊರೆ, ಕಾಣೆಯಾದ ವಲ್ಲಿ ಮೂರೂ ಪದರದ ಚಿತ್ರದಲ್ಲೇ ಇದ್ದವು. ಮುರಿದ ಬಿಲ್ಲು ಮಾತ್ರ ಚಿತ್ರದಲ್ಲಿ ಪೂರ್ತಿಯಾಗಿತ್ತು, ಅದರ ಅಡ್ಡಗಲ 0.6 ಮಿ.ಮೀ. ಇತ್ತಷ್ಟೆ.

ಬಿಲ್ಲನ್ನು 1.4 ಮಿ.ಮೀ.ಗೆ ಏರಿಸಿದ ಮೇಲೆ ಅಚ್ಚು ಇಡಿಯಾಗಿ ಬಂತು. ಹೆದೆಯನ್ನು ಮಾತ್ರ ಅಚ್ಚಿನಿಂದ ಕೈಬಿಡಲಾಯಿತು. ಒಂದು ಮಿಲಿಮೀಟರಿನ ಹೆದೆ ಹಗ್ಗದಂತೆ ಕಾಣುತ್ತದೆ, ಅದಕ್ಕಿಂತ ತೆಳುವಾದದ್ದು ಆ ಉದ್ದಕ್ಕೆ ನಿಲ್ಲುವುದಿಲ್ಲ. ಬಿಲ್ಲಿನ ಎರಡೂ ತುದಿಗಳಲ್ಲಿ ಸಣ್ಣ ಕಚ್ಚು ಕೆತ್ತಿ, ಅಚ್ಚು ತೊಳೆದು ಬೆಳಕಿನಲ್ಲಿ ಗಟ್ಟಿ ಮಾಡಿದ ಬಳಿಕ ತೆಳು ನೈಲಾನ್ ದಾರ ಕಟ್ಟಿದರೆ ಸಾಕು. ದಾರವನ್ನು ಬಿಗಿಯಾಗಿ ಎಳೆಯಬಾರದು, ರೆಸಿನ್ ಬಿಲ್ಲು ದಿನಗಳೆದಂತೆ ಆ ಎಳೆತಕ್ಕೆ ಬಾಗುತ್ತದೆ.